ತಡೆ ಬಂದರೆ ನಿಲ್ಲುವ ಕಿಟಕಿ

ಎರಡು ಅಂತಸ್ತಿನ ಮನೆ ಕಟ್ಟಿಸುವವರು ಮೆಟ್ಟಿಲ ನೆತ್ತಿಯಲ್ಲೊಂದು ಗಾಜಿನ ಕಿಟಕಿ ಇಡಿಸುವುದು ಈಗ ಸಾಮಾನ್ಯ. ಮನೆಯೊಳಗಿನ ಬಿಸಿಗಾಳಿ ಮೇಲಕ್ಕೇರಿ ಆ ಕಿಟಕಿಯಿಂದ ಹೊರಗೆ ಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನ ಕೋಣೆಗಳ ಕಿಟಕಿಗಳಿಂದ ತಂಪುಗಾಳಿ ಬರುತ್ತದೆ ಎಂಬುದು ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ಆ ಕಿಟಕಿ ನೆಲದಿಂದ ಹದಿನೈದು ಅಡಿ ಮೇಲಿರುತ್ತದೆ. ತೆರೆಯಲು ಏಣಿ ಬೇಕು, ಮಧ್ಯಾಹ್ನ ಮಳೆ ಬಂದರೆ ಮುಚ್ಚಲು ಮತ್ತೆ ಏಣಿ ಬೇಕು. ಹಾಗಾಗಿ ಬಹಳಷ್ಟು ಮನೆಗಳಲ್ಲಿ ಅದು ವರ್ಷವಿಡೀ ಮುಚ್ಚಿಯೇ ಇರುತ್ತದೆ.

ಅದನ್ನು ತಾನಾಗಿ ತೆರೆದು ಮುಚ್ಚುವ ಸಾಧನ ಇದೆ, ದುಬಾರಿಯೂ ಅಲ್ಲ. ಲೀನಿಯರ್ ಆಕ್ಚುಯೇಟರ್ ಎನ್ನುವ, ಉದ್ದಕ್ಕೆ ಚಾಚಿ ಹಿಂದೆ ಸರಿಯುವ ಒಂದು ಮೋಟಾರ್ ದಂಡ ಸಾಕು. ಬಿಸಿ ಹೆಚ್ಚಾದಾಗ ಅಥವಾ ಮಳೆ ಹನಿ ಬಿದ್ದಾಗ ಅದಕ್ಕೆ ಆಜ್ಞೆ ಕೊಡುವುದು ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗರಿಗೂ ಸುಲಭದ ಕೆಲಸ. ಕಷ್ಟದ ಪ್ರಶ್ನೆ ಬೇರೆ ಇದೆ: ಹೊರಟ ಕಿಟಕಿ ಎಲ್ಲಿ ನಿಲ್ಲಬೇಕು? ಪೂರ್ತಿ ಮುಚ್ಚಿದ ಮೇಲೆ ಮೋಟಾರ್ ಒತ್ತುತ್ತಲೇ ಇದ್ದರೆ ಗಾಜು ಬಿರುಕು ಬಿಡುತ್ತದೆ ಇಲ್ಲವೇ ಮೋಟಾರ್ ಸುಡುತ್ತದೆ. ಮುಚ್ಚುವ ದಾರಿಯಲ್ಲಿ ಬಣ್ಣ ಬಳಿಯುತ್ತಿರುವವನ ಕೈ ಇದ್ದರೆ, ಅಥವಾ ಚೌಕಟ್ಟಿನ ಮೇಲೆ ಪಾರಿವಾಳ ಕೂತಿದ್ದರೆ, ದಂಡಕ್ಕೆ ಅದು ಕಾಣುವುದಿಲ್ಲ.

ಕಣ್ಣಿಲ್ಲದ ಈ ದಂಡಕ್ಕೆ ತಡೆಯನ್ನು ತಿಳಿಸಿಕೊಡುವ ಅಗ್ಗದ ದಾರಿಯೆಂದರೆ ಅದು ಎಳೆಯುವ ಕರೆಂಟನ್ನು ಅಳೆಯುವುದು.

ದಂಡದ ಒಳಗೆ ಏನಿದೆ

ಲೀನಿಯರ್ ಆಕ್ಚುಯೇಟರ್‌ನ ಒಳಗೆ 12 ವೋಲ್ಟ್‌ನ ಚಿಕ್ಕ ಡಿ.ಸಿ. ಮೋಟಾರ್ ಇರುತ್ತದೆ. ಅದರ ವೇಗವನ್ನು ಗೇರುಗಳು ತಗ್ಗಿಸಿ ಒಂದು ಉದ್ದನೆಯ ಸ್ಕ್ರೂವನ್ನು ತಿರುಗಿಸುತ್ತವೆ. ಸ್ಕ್ರೂವಿನ ಮೇಲೆ ತಿರುಗದಂತೆ ಹಿಡಿದಿಟ್ಟ ನಟ್ ಇದೆ. ಸ್ಕ್ರೂ ತಿರುಗಿದಂತೆ ಅದು ಮುಂದಕ್ಕೋ ಹಿಂದಕ್ಕೋ ಜರುಗುತ್ತದೆ. ಆ ನಟ್‌ಗೆ ಅಂಟಿಕೊಂಡ ಕೊಳವೆಯೇ ಹೊರಗೆ ಕಾಣುವ ಚಾಚುದಂಡ. ಮೋಟಾರಿಗೆ ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ.

ಕಾರಿನ ಟಯರ್ ಬದಲಿಸುವಾಗ ಬಳಸುವ ಸ್ಕ್ರೂ ಜಾಕ್ ಇದೇ ತತ್ತ್ವದ್ದು. ಹಿಡಿಕೆ ತಿರುಗಿಸಿದರೆ ಕಾರು ಏಳುತ್ತದೆ, ಆದರೆ ಕಾರಿನ ಭಾರ ಎಷ್ಟೇ ಇದ್ದರೂ ಹಿಡಿಕೆ ತಾನಾಗಿ ಹಿಂದೆ ತಿರುಗುವುದಿಲ್ಲ. ಕಿಟಕಿಗೆ ಇದು ವರವೂ ಹೌದು, ಅಪಾಯವೂ ಹೌದು. ವರ ಏಕೆಂದರೆ ಕರೆಂಟ್ ಹೋದರೂ ಕಿಟಕಿ ಇದ್ದಲ್ಲೇ ನಿಲ್ಲುತ್ತದೆ, ಗಾಳಿ ಅದನ್ನು ಬಡಿಯಲಾರದು. ಅಪಾಯ ಏಕೆಂದರೆ ಕೈಯೊಂದು ಸಿಕ್ಕಿಕೊಂಡಾಗ ಮೋಟಾರ್ ನಿಲ್ಲಿಸಿದರಷ್ಟೇ ಸಾಲದು. ಸ್ಕ್ರೂ ಹಿಡಿತ ಬಿಡುವುದಿಲ್ಲ, ಕೈ ಅಲ್ಲೇ ಅದುಮಿಕೊಂಡಿರುತ್ತದೆ. ಹಾಗಾಗಿ ತಡೆ ಕಂಡ ಕೂಡಲೇ ನಿಲ್ಲುವುದರ ಜೊತೆಗೆ ಒಂದಷ್ಟು ದೂರ ಹಿಂದೆ ಸರಿಯಲೇಬೇಕು. ಈ ಎರಡನೆಯ ಹೆಜ್ಜೆಯನ್ನು ಮರೆತ ಕಿಟಕಿ ಅರ್ಧ ಸುರಕ್ಷಿತವೂ ಅಲ್ಲ.

ಬಹುತೇಕ ಆಕ್ಚುಯೇಟರ್‌ಗಳ ಒಳಗೆ ಎರಡು ತುದಿಗಳಲ್ಲೂ ಚಿಕ್ಕ ಲಿಮಿಟ್ ಸ್ವಿಚ್‌ಗಳಿರುತ್ತವೆ. ನಟ್ ತುದಿಗೆ ಬಂದು ಸ್ವಿಚ್ಚನ್ನು ತಟ್ಟಿದಾಗ ಮೋಟಾರಿನ ದಾರಿ ಕಡಿದುಹೋಗುತ್ತದೆ. ಹಾಗೆ ಕಡಿದ ಮೇಲೆ ಮತ್ತೆ ಹಿಂದಕ್ಕೆ ಬರುವುದು ಹೇಗೆ? ಪ್ರತಿ ಸ್ವಿಚ್ಚಿಗೂ ಅಡ್ಡಲಾಗಿ ಒಂದು ಡಯೋಡ್ ಹಾಕಿರುತ್ತಾರೆ. ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡುವುದರಿಂದ ಮುಂದೆ ಹೋಗುವ ದಾರಿ ಮುಚ್ಚಿದ್ದರೂ ಹಿಂದೆ ಬರುವ ದಾರಿ ತೆರೆದೇ ಇರುತ್ತದೆ. ಹೊರಗೆ ಕೂತು ಕರೆಂಟ್ ಅಳೆಯುವವರಿಗೆ ಇದರಿಂದ ಒಂದು ಸ್ಪಷ್ಟ ಗುರುತು ಸಿಗುತ್ತದೆ: ದಂಡ ತುದಿ ಮುಟ್ಟಿದ ಕ್ಷಣ ಕರೆಂಟ್ ಸೊನ್ನೆಗೆ ಬೀಳುತ್ತದೆ.

ಕರೆಂಟ್ ಹೇಳುವ ಮಾತು

ಸಲೀಸಾಗಿ ತಿರುಗುವ ಮೋಟಾರ್ ಕಡಿಮೆ ಕರೆಂಟ್ ಎಳೆಯುತ್ತದೆ, ಹೊರೆ ಬಿದ್ದಾಗ ಹೆಚ್ಚು ಎಳೆಯುತ್ತದೆ. ಇದಕ್ಕೆ ಕಾರಣ ಮೋಟಾರಿನೊಳಗೇ ಇದೆ. ತಿರುಗುತ್ತಿರುವ ಮೋಟಾರ್ ಜೊತೆಜೊತೆಗೇ ಒಂದು ಡೈನಮೋ ಕೂಡ ಆಗಿರುತ್ತದೆ. ತನಗೆ ಕೊಟ್ಟ ವೋಲ್ಟೇಜಿಗೆ ಎದುರಾಗಿ ತಾನೂ ಒಂದಿಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ವೇಗ ಹೆಚ್ಚಿದ್ದರೆ ಈ ಎದುರು ವೋಲ್ಟೇಜ್ ಹೆಚ್ಚು, ಹಾಗಾಗಿ ಒಳಬರುವ ಕರೆಂಟ್ ಕಡಿಮೆ. ದಂಡಕ್ಕೆ ಏನಾದರೂ ಅಡ್ಡ ಬಂದು ಮೋಟಾರ್ ನಿಧಾನವಾದರೆ ಎದುರು ವೋಲ್ಟೇಜ್ ಇಳಿದು ಕರೆಂಟ್ ಏರುತ್ತದೆ. ಪೂರ್ತಿ ನಿಂತುಬಿಟ್ಟರೆ ತಡೆಯಲು ಉಳಿಯುವುದು ತಂತಿ ಸುತ್ತಿನ ಪ್ರತಿರೋಧ ಮಾತ್ರ. ಸುತ್ತಿನ ಪ್ರತಿರೋಧ 3 ಓಮ್ ಇದ್ದರೆ 12 ವೋಲ್ಟ್‌ಗೆ 4 ಆಂಪಿಯರ್ ಹರಿಯುತ್ತದೆ.

ಅದನ್ನು ಅಳೆಯಲು ಎರಡು ವಿಧಾನಗಳು ಬಳಕೆಯಲ್ಲಿವೆ. ಮೋಟಾರಿನ ದಾರಿಯಲ್ಲಿ 0.1 ಓಮ್‌ನಷ್ಟು ಸಣ್ಣ ರೆಸಿಸ್ಟರ್ ಇಟ್ಟು ಅದರ ಮೇಲೆ ಬೀಳುವ ವೋಲ್ಟೇಜ್ ನೋಡುವುದು ಒಂದು. 1 ಆಂಪಿಯರ್ ಹರಿದರೆ 0.1 ವೋಲ್ಟ್ ಸಿಗುತ್ತದೆ. ಐಎನ್‌ಎ219 ಎಂಬ ಚಿಪ್ ಈ ಕೆಲಸವನ್ನು ತಾನೇ ಮಾಡಿ ಮೈಕ್ರೋಕಂಟ್ರೋಲರ್‌ಗೆ ನೇರ ಅಂಕಿಯನ್ನೇ ಕೊಡುತ್ತದೆ. ಇನ್ನೊಂದು ವಿಧಾನ 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ್ದು. ಹರಿಯುವ ಕರೆಂಟ್ ತನ್ನ ಸುತ್ತ ಹುಟ್ಟಿಸುವ ಕಾಂತಕ್ಷೇತ್ರವನ್ನು ಹಾಲ್ ಸೆನ್ಸರ್ ಅಳೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಸಿಗುವ ಎಸಿಎಸ್712 ಈ ಜಾತಿಯದು.

ಎಸಿಎಸ್712 ಕೊಳ್ಳುವಾಗ ಒಂದು ಆಯ್ಕೆ ಎದುರಾಗುತ್ತದೆ: 5 ಆಂಪಿಯರ್‌ನದೋ, 20ರದೋ, 30ರದೋ? ದೊಡ್ಡದಿದ್ದರೆ ಒಳ್ಳೆಯದೆಂದು ಹಲವರು 30ರದನ್ನು ತರುತ್ತಾರೆ. ಆದರೆ 5 ಆಂಪಿಯರ್‌ನ ಸೆನ್ಸರ್ ಪ್ರತಿ ಆಂಪಿಯರ್‌ಗೆ 185 ಮಿಲಿವೋಲ್ಟ್ ಬದಲಾದರೆ, 30ರದು ಬದಲಾಗುವುದು 66 ಮಿಲಿವೋಲ್ಟ್ ಮಾತ್ರ. ಸಾಧಾರಣ ಆರ್ಡ್ವಿನೋ ಬೋರ್ಡ್ ಸುಮಾರು 5 ಮಿಲಿವೋಲ್ಟ್‌ಗಿಂತ ಸಣ್ಣ ವ್ಯತ್ಯಾಸವನ್ನು ಗುರುತಿಸಲಾರದು. ಕಿಟಕಿಯ ಕೆಲಸದಲ್ಲಿ ನಾವು ಹುಡುಕುವ ವ್ಯತ್ಯಾಸ ಅರ್ಧ ಆಂಪಿಯರ್‌ಗಿಂತ ಕಡಿಮೆ ಇರುವುದರಿಂದ 30ರ ಸೆನ್ಸರ್ ಇಲ್ಲಿ ತೀರಾ ಮಂದ. ಇನ್ನೊಂದು ಎಚ್ಚರವೂ ಬೇಕು. ಹಾಲ್ ಸೆನ್ಸರ್ ಅಕ್ಕಪಕ್ಕದ ಆಯಸ್ಕಾಂತಕ್ಕೂ ಸ್ಪಂದಿಸುತ್ತದೆ. ಮೋಟಾರ್ ಅಥವಾ ರಿಲೇ ಹತ್ತಿರವಿದ್ದರೆ ಅದರ ಸೊನ್ನೆ ಸರಿದುಬಿಡುತ್ತದೆ. ಹಾಗಾಗಿ ಪ್ರತಿ ಸಲ ಮೋಟಾರ್ ಹೊರಡುವ ಮುನ್ನ, ಅದು ನಿಂತಿರುವಾಗಿನ ಅಳತೆಯನ್ನೇ ಆ ಸಲದ ಸೊನ್ನೆ ಎಂದು ಹಿಡಿಯುವುದು ರೂಢಿ.

ಒಂದು ಕಿಟಕಿಯ ಲೆಕ್ಕ

ಮೆಟ್ಟಿಲ ಮೇಲಿನ ಒಂದು ಕಿಟಕಿಯನ್ನೇ ತೆಗೆದುಕೊಂಡು ಲೆಕ್ಕ ಹಾಕಬಹುದು. ಅಗಲ 90 ಸೆಂಟಿಮೀಟರ್, ಎತ್ತರ 60, ಗಾಜಿನ ದಪ್ಪ 5 ಮಿಲಿಮೀಟರ್. ಹಿಂಜ್‌ಗಳು ಮೇಲಂಚಿನಲ್ಲಿವೆ, ಕೆಳಗಿನ ಅಂಚು ಹೊರಕ್ಕೆ ತೆರೆದುಕೊಳ್ಳುತ್ತದೆ. ಗಾಜು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ, ಎರಡೂವರೆ ಕಿಲೋ ತೂಗುತ್ತದೆ. ಹಾಗಾಗಿ ಈ ಗಾಜಿನ ತೂಕ ಏಳು ಕಿಲೋಗೆ ಹತ್ತಿರ. ಅಲ್ಯೂಮಿನಿಯಂ ಚೌಕಟ್ಟು ಸೇರಿ ಕದದ ತೂಕ ಸುಮಾರು 10 ಕಿಲೋ.

ಆಕ್ಚುಯೇಟರ್‌ನ ತುದಿಯನ್ನು ಕದದ ನಡು ಎತ್ತರದಲ್ಲಿ, ಅಂದರೆ ಹಿಂಜಿನಿಂದ 30 ಸೆಂಟಿಮೀಟರ್ ಕೆಳಗೆ ಜೋಡಿಸೋಣ. 15 ಸೆಂಟಿಮೀಟರ್ ಚಾಚಿದರೆ ಕಿಟಕಿ ಸುಮಾರು 30 ಡಿಗ್ರಿ ತೆರೆಯುತ್ತದೆ. ಅಷ್ಟು ತೆರೆದಾಗ ಕದವನ್ನು ಎತ್ತಿ ಹಿಡಿಯಲು ಆ ಜಾಗದಲ್ಲಿ ಬೇಕಾದ ಬಲ ಸುಮಾರು 5 ಕಿಲೋ ತೂಕದಷ್ಟು. 10 ಕಿಲೋ ಕದಕ್ಕೆ 5 ಕಿಲೋ ಬಲ ಸಾಕಾಗುವುದು ಏಕೆಂದರೆ ಉಳಿದ ಭಾರವನ್ನು ಹಿಂಜ್‌ಗಳು ಹೊರುತ್ತವೆ.

ಅಂಗಡಿಗೆ ಹೋದರೆ ಮೊದಲು ಕೈಗೆ ಬರುವುದು 100 ಅಥವಾ 150 ಕಿಲೋ ತಳ್ಳಬಲ್ಲ ಆಕ್ಚುಯೇಟರ್. ಬಲ ಹೆಚ್ಚಿದ್ದರೆ ನಿಶ್ಚಿಂತೆ ಎನ್ನುವ ಮಾತು ಇಲ್ಲಿ ಪೂರ್ತಿ ತಲೆಕೆಳಗಾಗುತ್ತದೆ. ಆ ದಂಡಕ್ಕೆ ಬರಿದೇ ಓಡುವಾಗ 0.8 ಆಂಪಿಯರ್, 150 ಕಿಲೋ ಹೊರುವಾಗ 3 ಆಂಪಿಯರ್ ಬೇಕು ಎಂದುಕೊಳ್ಳೋಣ. ಕಿಟಕಿಯ ಕೆಳಂಚಿನಲ್ಲಿ ಕೈ ಸಿಕ್ಕಿ 10 ಕಿಲೋ ಬಲದಲ್ಲಿ ಅದುಮಿಕೊಂಡಿತು ಎಂದರೆ ದಂಡದ ಜಾಗದಲ್ಲಿ ಅದು 20 ಕಿಲೋ ಆಗಿ ಕಾಣುತ್ತದೆ, ಏಕೆಂದರೆ ಕೆಳಂಚು ಹಿಂಜಿನಿಂದ ಎರಡು ಪಟ್ಟು ದೂರ. 150 ಕಿಲೋ ದಂಡದಲ್ಲಿ ಆ 20 ಕಿಲೋಗೆ ಏರುವ ಕರೆಂಟ್ 0.3 ಆಂಪಿಯರ್ ಮಾತ್ರ. ಹಿಂಜಿನಲ್ಲಿ ಧೂಳು ಕೂತರೂ ಅಷ್ಟೇ ಏರಬಹುದು. ಕೈ ಯಾವುದು, ಧೂಳು ಯಾವುದು ಎಂದು ತಿಳಿಯುವಂತಿಲ್ಲ.

ಅದೇ ಜಾಗಕ್ಕೆ 20 ಕಿಲೋ ಬಲದ ಚಿಕ್ಕ ಆಕ್ಚುಯೇಟರ್ ತಂದರೆ ಚಿತ್ರ ಬದಲಾಗುತ್ತದೆ. ಅದು ಬರಿದೇ ಓಡುವಾಗ 0.5 ಆಂಪಿಯರ್, ಪೂರ್ತಿ ಹೊರೆಯಲ್ಲಿ 1.5 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ತೆರೆಯುವಾಗ ಕದದ ಭಾರ ಹೊತ್ತು ಮುಕ್ಕಾಲು ಆಂಪಿಯರ್ ತೋರಿಸುತ್ತದೆ. ಮುಚ್ಚುವಾಗ ಕದದ ಭಾರವೇ ನೆರವಾಗುವುದರಿಂದ ಅರ್ಧ ಆಂಪಿಯರ್ ಆಸುಪಾಸಿನಲ್ಲಿರುತ್ತದೆ. ಕೈ ಸಿಕ್ಕರೆ ಕರೆಂಟ್ ಒಂದೂವರೆಗೆ ಜಿಗಿಯುತ್ತದೆ. ಮುಚ್ಚುವಾಗಿನ ಮಿತಿಯನ್ನು 0.9 ಆಂಪಿಯರ್‌ಗೆ ಇಟ್ಟರೆ ಕೆಳಂಚಿನಲ್ಲಿ ಒತ್ತಡ ನಾಲ್ಕು ಕಿಲೋ ದಾಟುವಷ್ಟರಲ್ಲಿ ಸಿಕ್ಕಿಬೀಳುತ್ತದೆ. ಒಂದು ವೇಳೆ ಎಲೆಕ್ಟ್ರಾನಿಕ್ಸ್ ಪೂರ್ತಿ ಕೈಕೊಟ್ಟರೆ ಆ ಅಂಚಿನಲ್ಲಿ ಈ ದಂಡದ ಬಲ ಹತ್ತು ಕಿಲೋ ದಾಟಬಹುದು. ಆಕ್ಚುಯೇಟರ್‌ನಿಂದ ಆಕ್ಚುಯೇಟರ್‌ಗೆ ಈ ಅಂಕಿಗಳು ಬದಲಾಗುತ್ತವೆ. ಕೊಂಡ ಮೇಲೆ ಅಳೆದೇ ನೋಡಬೇಕು. ಆದರೆ ಕೆಲಸಕ್ಕೆ ಸಾಕಾಗುವಷ್ಟೇ ಬಲದ ದಂಡ ತಡೆಯನ್ನು ಚೆನ್ನಾಗಿ ಗುರುತಿಸುತ್ತದೆ ಎಂಬ ನಿಯಮ ಬದಲಾಗುವುದಿಲ್ಲ.

ಹತ್ತು ಕಿಲೋ ಎಂಬ ಅಳತೆ ಸುಮ್ಮನೆ ಬಂದದ್ದಲ್ಲ. ಕಾರುಗಳ ಪವರ್ ವಿಂಡೋಗಳಿಗೆ ಅಮೆರಿಕದ ಸುರಕ್ಷತಾ ನಿಯಮ 118 ಇದೆ. ತಾನಾಗಿ ಮುಚ್ಚುವ ಗಾಜು 4ರಿಂದ 200 ಮಿಲಿಮೀಟರ್ ದಪ್ಪದ ಪರೀಕ್ಷಾ ಕೋಲನ್ನು 100 ನ್ಯೂಟನ್, ಅಂದರೆ ಸುಮಾರು 10 ಕಿಲೋ ಬಲದಲ್ಲಿ ಅದುಮುವ ಮೊದಲೇ ಹಿಂದೆ ಸರಿಯಬೇಕು ಎನ್ನುತ್ತದೆ ಅದು. ಮನೆಯ ಕಿಟಕಿಗೆ ಈ ಕಾರಿನ ನಿಯಮ ಅನ್ವಯಿಸುವುದಿಲ್ಲ. ಆದರೂ ಬೆರಳಿನಷ್ಟು ತೆಳ್ಳಗಿನದರಿಂದ ಮಗುವಿನ ತಲೆಯಷ್ಟು ದೊಡ್ಡದರವರೆಗೆ ಯೋಚಿಸಿ ಮಾಡಿದ ಅಳತೆ ಅದು. ಮನೆಯಲ್ಲಿ ಮಾಡುವವರೂ ಅದಕ್ಕಿಂತ ಕೆಳಗೇ ಇರಲು ನೋಡುವುದು ಸರಿ.

ವೇಗವೂ ಇದೇ ಲೆಕ್ಕಕ್ಕೆ ಸೇರುತ್ತದೆ. ತಡೆಯನ್ನು ಗುರುತಿಸಿ ಮೋಟಾರ್ ನಿಲ್ಲಿಸಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತದೆ ಎನ್ನೋಣ. ಸೆಕೆಂಡಿಗೆ 10 ಮಿಲಿಮೀಟರ್ ಚಲಿಸುವ ದಂಡ ಅಷ್ಟರಲ್ಲಿ 1 ಮಿಲಿಮೀಟರ್ ಹೋಗುತ್ತದೆ, ಕೆಳಂಚು 2 ಮಿಲಿಮೀಟರ್. ಸೆಕೆಂಡಿಗೆ 60 ಮಿಲಿಮೀಟರ್ ಓಡುವ ದಂಡವಾದರೆ ಕೆಳಂಚು 12 ಮಿಲಿಮೀಟರ್ ಒತ್ತಿಬಿಟ್ಟಿರುತ್ತದೆ. ಗಾಜಿಗೂ ಚೌಕಟ್ಟಿಗೂ ನಡುವೆ ಸಿಕ್ಕ ಬೆರಳಿಗೆ ಆ ವ್ಯತ್ಯಾಸವೇ ನೋವಿಗೂ ಗಾಯಕ್ಕೂ ನಡುವಿನ ವ್ಯತ್ಯಾಸ. ಕಿಟಕಿ ಮುಚ್ಚಲು ಹದಿನೈದು ಸೆಕೆಂಡು ಹಿಡಿದರೆ ಯಾರಿಗೂ ನಷ್ಟವಿಲ್ಲ.

ಒಂದೇ ಏರಿಕೆ, ಹಲವು ಅರ್ಥ

ಇಲ್ಲಿಯವರೆಗಿನ ಮಾತು ಕೇಳಿದರೆ ಕರೆಂಟ್ ಮಿತಿ ದಾಟಿದಾಗ ನಿಲ್ಲಿಸು ಎಂಬ ಒಂದೇ ಸಾಲಿನ ಆಜ್ಞೆ ಸಾಕು ಎನಿಸುತ್ತದೆ. ಹಾಗೆ ಬರೆದ ಕಿಟಕಿ ಮೊದಲ ಸಲವೇ ಅಲುಗಾಡದೆ ನಿಂತುಬಿಡುತ್ತದೆ. ಹೊರಡುವ ಕ್ಷಣದಲ್ಲಿ ಮೋಟಾರ್ ನಿಂತೇ ಇರುತ್ತದಲ್ಲ, ಎದುರು ವೋಲ್ಟೇಜ್ ಇನ್ನೂ ಹುಟ್ಟಿರುವುದಿಲ್ಲ. ಆಗ ಕ್ಷಣಕಾಲ ನಾಲ್ಕು ಆಂಪಿಯರ್ ನುಗ್ಗಿ, ಮೋಟಾರ್ ವೇಗ ಪಡೆದಂತೆ ಕೆಳಗಿಳಿಯುತ್ತದೆ. ಅದಕ್ಕಾಗಿ ಮೊದಲ 0.3 ಸೆಕೆಂಡಿನ ಅಳತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ವಿನಾಯಿತಿಯನ್ನು ಎರಡು ಮೂರು ಸೆಕೆಂಡಿಗೆ ಹಿಗ್ಗಿಸುವುದು ತಪ್ಪು. ಕಿಟಕಿಯ ಚಿಲಕ ಹಾಕಿದ್ದು ಮರೆತುಹೋಗಿರಬಹುದು. ಆಗ ಮೋಟಾರ್ ಹೊರಡಲಾರದೆ ಅದೇ ನಾಲ್ಕು ಆಂಪಿಯರ್ ಎಳೆಯುತ್ತ ನಿಂತಿರುತ್ತದೆ. ಹೊರಡುವಾಗಿನ ಏರಿಕೆಗೂ ಚಿಲಕದ ಏರಿಕೆಗೂ ಎತ್ತರದಲ್ಲಿ ವ್ಯತ್ಯಾಸವಿಲ್ಲ. ಮೊದಲನೆಯದು ಇಳಿಯುತ್ತದೆ, ಎರಡನೆಯದು ಇಳಿಯುವುದಿಲ್ಲ. 0.3 ಸೆಕೆಂಡ್ ಕಳೆದ ಕೂಡಲೇ ನೋಡಿದರೆ ಚಿಲಕ ಕಿತ್ತುಬರುವ ಮೊದಲೇ ಮೋಟಾರ್ ನಿಲ್ಲಿಸಬಹುದು.

ಪಯಣದ ಕೊನೆಯಲ್ಲಿ ಇನ್ನೊಂದು ಗೊಂದಲ ಕಾದಿರುತ್ತದೆ. ಕಿಟಕಿ ಮುಚ್ಚಿಕೊಂಡು ಚೌಕಟ್ಟಿನ ರಬ್ಬರ್ ಬೀಡಿಂಗಿಗೆ ಒತ್ತಿದಾಗಲೂ ಕರೆಂಟ್ ಏರುತ್ತದೆ. ಅಲ್ಲಿ ಏರದಿದ್ದರೆ ಕಿಟಕಿ ಬಿಗಿಯಾಗಿ ಮುಚ್ಚಿಲ್ಲ, ಮಳೆ ನೀರು ಒಳಗೆ ಬರುತ್ತದೆ ಎಂದೇ ಅರ್ಥ. ಅಂದರೆ ನಡುದಾರಿಯಲ್ಲಿ ಅಪಾಯದ ಗುರುತಾಗಿದ್ದ ಏರಿಕೆ ಕೊನೆಯಲ್ಲಿ ಕೆಲಸ ಮುಗಿದ ಗುರುತು. ಅದು ಯಾವುದು ಎಂದು ಕರೆಂಟ್ ಒಂದೇ ಹೇಳಲಾರದು. ದಂಡ ಎಲ್ಲಿದೆ ಎಂಬುದೂ ತಿಳಿಯಬೇಕು.

ಎಲ್ಲಿದೆ ಎಂದು ತಿಳಿಯಲು ಅಗ್ಗದ ದಾರಿ ಸಮಯ. 15 ಸೆಕೆಂಡಿನ ಪಯಣದಲ್ಲಿ 14 ಸೆಕೆಂಡ್ ಕಳೆದಿದೆ ಎಂದರೆ ದಂಡ ಕೊನೆಗೆ ಬಂದಿದೆ. ಆದರೆ ಬ್ಯಾಟರಿ ಇಳಿದು 12ರ ಬದಲು 11 ವೋಲ್ಟ್ ಆದರೆ ಮೋಟಾರ್ ನಿಧಾನವಾಗಿ ಈ ಲೆಕ್ಕ ತಪ್ಪುತ್ತದೆ. ಒಳಗೇ ಹಾಲ್ ಸೆನ್ಸರ್ ಇಟ್ಟು ಪ್ರತಿ ಸುತ್ತಿಗೂ ಒಂದೊಂದು ಮಿಡಿತ ಕಳಿಸುವ ಆಕ್ಚುಯೇಟರ್‌ಗಳು ಸಿಗುತ್ತವೆ. ಸ್ವಲ್ಪ ಹೆಚ್ಚು ಬೆಲೆಗೆ ನಿಖರವಾದ ಸ್ಥಾನ ಗೊತ್ತಾಗುತ್ತದೆ. ಕೊನೆಯ ಕೆಲವೇ ಮಿಲಿಮೀಟರ್‌ಗಳಲ್ಲಿ ಬರುವ ಏರಿಕೆಯನ್ನು ಮುಚ್ಚಿತು ಎಂದೂ, ಅದಕ್ಕೂ ಮೊದಲಿನ ಏರಿಕೆಯನ್ನು ತಡೆ ಎಂದೂ ಓದುವುದು ಆಗ ಸಾಧ್ಯ. ಆ ಕೊನೆಯ ಪಟ್ಟಿ ಬೆರಳು ತೂರಲಾಗದಷ್ಟು ಕಿರಿದಾಗಿರಬೇಕು. ಕಾರಿನ ನಿಯಮದ ಪರೀಕ್ಷಾ ಕೋಲು 4 ಮಿಲಿಮೀಟರ್‌ನಿಂದ ಶುರುವಾಗುವುದು ಇದಕ್ಕೆ ಒಳ್ಳೆಯ ಸೂಚನೆ.

ಕಿಟಕಿ ಜೋಡಿಸುವ ಬಡಗಿ ಅಥವಾ ಫ್ಯಾಬ್ರಿಕೇಟರ್ ಗಮನಿಸಬೇಕಾದ ಸಂಗತಿಯೊಂದಿದೆ. ಕಿಟಕಿಗೆ ತನ್ನದೇ ಕೊನೆಯಿದೆ, ಆಕ್ಚುಯೇಟರ್‌ಗೆ ತನ್ನದೇ ಕೊನೆಯಿದೆ. ಎರಡೂ ಕೂಡಿ ಬರುವಂತೆ ಬ್ರಾಕೆಟ್ ಕೂರಿಸುವುದು ಕಸುಬಿನ ನಾಜೂಕು. ದಂಡ ಪೂರ್ತಿ ಒಳಗೆ ಸರಿಯುವ ಮೊದಲೇ ಕದ ಚೌಕಟ್ಟಿಗೆ ತಾಗಿದರೆ ಲಿಮಿಟ್ ಸ್ವಿಚ್ ಎಂದೂ ಕೆಲಸ ಮಾಡುವುದಿಲ್ಲ, ಪ್ರತಿ ಸಲವೂ ಬರುವುದು ಏರಿಕೆಯೇ. ದಂಡವೇ ಮೊದಲು ಕೊನೆ ಮುಟ್ಟಿದರೆ ಕಿಟಕಿ ಸಂದಿ ಬಿಟ್ಟು ನಿಲ್ಲುತ್ತದೆ. ಬೀಡಿಂಗ್ ಅರ್ಧದಷ್ಟು ಅದುಮಿಕೊಂಡ ಹೊತ್ತಿಗೆ ಒಳಗಿನ ಸ್ವಿಚ್ ತಟ್ಟುವಂತೆ ಜೋಡಿಸಿದರೆ ಮೊದಲು ಸಣ್ಣ ಏರಿಕೆ, ಹಿಂದೆಯೇ ಸೊನ್ನೆ ಕಾಣುತ್ತದೆ. ಇವೆರಡೂ ಅದೇ ಅನುಕ್ರಮದಲ್ಲಿ, ಸರಿಯಾದ ಜಾಗದಲ್ಲಿ ಬಂದರೆ ಕಿಟಕಿ ಮುಚ್ಚಿದೆ ಎಂದು ನಂಬಬಹುದು. ದಂಡದ ಎರಡೂ ತುದಿಗಳು ಪಿನ್ನಿನ ಮೇಲೆ ಸಲೀಸಾಗಿ ತಿರುಗುವಂತಿರಬೇಕು. ಕದ ಕಮಾನಿನಂತೆ ಚಲಿಸುವುದರಿಂದ ಬಿಗಿಯಾಗಿ ಬೋಲ್ಟ್ ಮಾಡಿದ ದಂಡ ಪಕ್ಕಕ್ಕೆ ಬಾಗಿ, ಯಾವ ತಡೆಯೂ ಇಲ್ಲದೆ ಕರೆಂಟ್ ಏರಿಸುತ್ತದೆ.

ಸೊನ್ನೆಗೂ ಎರಡು ಅರ್ಥಗಳಿವೆ. ಕೊನೆಯಲ್ಲಿ ಬಂದ ಸೊನ್ನೆ ಲಿಮಿಟ್ ಸ್ವಿಚ್ಚಿನದು. ನಡುದಾರಿಯಲ್ಲಿ, ಅಥವಾ ಹೊರಡುವಾಗಲೇ ಬಂದ ಸೊನ್ನೆ ತಂತಿ ಕಿತ್ತದ್ದನ್ನೋ ಫ್ಯೂಸ್ ಹೋದದ್ದನ್ನೋ ಹೇಳುತ್ತದೆ. ಇದನ್ನು ಬೇರ್ಪಡಿಸದ ಯಂತ್ರ ತಂತಿ ತುಂಡಾದ ದಿನ ಕಿಟಕಿ ಮುಚ್ಚಿದೆ ಎಂದು ವರದಿ ಮಾಡುತ್ತದೆ. ಮನೆಯವರು ಊರಿಗೆ ಹೋಗಿರುವಾಗ ಮಳೆ ಸುರಿದು ಮೆಟ್ಟಿಲೆಲ್ಲ ನೀರಾಗುತ್ತದೆ.

ಮಳೆಗಾಲ ಮತ್ತು ಗಾಳಿ

ಒಂದೇ ಸ್ಥಿರ ಮಿತಿಯನ್ನು ಇಟ್ಟ ಕಿಟಕಿ ಏಪ್ರಿಲ್‌ನಲ್ಲಿ ಚೆನ್ನಾಗಿ ಓಡಿ ಜುಲೈನಲ್ಲಿ ತಕರಾರು ಮಾಡಬಹುದು. ಮಲೆನಾಡಿನ, ಕರಾವಳಿಯ ಮರದ ಚೌಕಟ್ಟುಗಳು ಮಳೆಗಾಲದಲ್ಲಿ ಉಬ್ಬಿ ಕದ ಬಿಗಿಯಾಗುತ್ತದೆ. ಚಳಿಯಲ್ಲಿ ಗ್ರೀಸ್ ಗಟ್ಟಿಯಾಗುತ್ತದೆ. ಇದಕ್ಕೆ ಪರಿಹಾರವಾಗಿ ಕಿಟಕಿ ತನ್ನ ಹಾದಿಯನ್ನು ನೆನಪಿಟ್ಟುಕೊಳ್ಳುವಂತೆ ಮಾಡುತ್ತಾರೆ. ಯಾರೂ ಹತ್ತಿರವಿಲ್ಲದಾಗ ಒಮ್ಮೆ ಪೂರ್ತಿ ಓಡಿಸಿ, ಪ್ರತಿ ಸೆಂಟಿಮೀಟರಿಗೂ ಎಷ್ಟು ಕರೆಂಟ್ ಬೇಕಾಯಿತು ಎಂದು ಬರೆದಿಟ್ಟುಕೊಳ್ಳುತ್ತದೆ. ತೆರೆಯುವುದಕ್ಕೆ ಒಂದು ಪಟ್ಟಿ, ಮುಚ್ಚುವುದಕ್ಕೆ ಇನ್ನೊಂದು. ಮುಂದಿನ ಓಟಗಳಲ್ಲಿ ಆಯಾ ಜಾಗದ ಅಂಕಿಗಿಂತ 0.4 ಆಂಪಿಯರ್ ಹೆಚ್ಚಾದರೆ ಮಾತ್ರ ತಡೆ ಎಂದು ಭಾವಿಸುತ್ತದೆ. ಋತು ಬದಲಾದಂತೆ ಪಟ್ಟಿಯೂ ಸ್ವಲ್ಪ ಸ್ವಲ್ಪವೇ ತಿದ್ದಿಕೊಳ್ಳುತ್ತದೆ. ಉಬ್ಬಿದ ಮರ ದಿನದಿಂದ ದಿನಕ್ಕೆ ನಿಧಾನವಾಗಿ ಕರೆಂಟ್ ಏರಿಸುತ್ತದೆ, ಅಡ್ಡ ಬಂದ ಕೈ ಕ್ಷಣಾರ್ಧದಲ್ಲಿ ಏರಿಸುತ್ತದೆ. ಬೇರ್ಪಡಿಸಲು ಆ ವೇಗವೇ ಸುಳಿವು.

ಆದರೆ ಈ ಹೊಂದಾಣಿಕೆಗೆ ಒಂದು ಮೇಲ್ಮಿತಿ ಇರಲೇಬೇಕು. ಇಲ್ಲದಿದ್ದರೆ ತುಕ್ಕು ಹಿಡಿಯುತ್ತಿರುವ ಹಿಂಜನ್ನೂ ಯಂತ್ರ ಸಹಜವೆಂದು ಒಪ್ಪಿಕೊಳ್ಳುತ್ತ ಹೋಗಿ, ಕೊನೆಗೆ ಕೈಯನ್ನು ಗುರುತಿಸಲು ಬೇಕಾದ ಅಂತರವೇ ಉಳಿಯುವುದಿಲ್ಲ. ಪಟ್ಟಿ ಮೇಲ್ಮಿತಿ ತಲುಪಿದಾಗ ಕಿಟಕಿ ಓಡುವುದನ್ನು ನಿಲ್ಲಿಸಿ ದುರಸ್ತಿ ಕೇಳಬೇಕು.

ಗಾಳಿಯದು ಇದಕ್ಕಿಂತ ಕಠಿಣ ಸಮಸ್ಯೆ. ಮುಂಗಾರು ಪೂರ್ವದ ಮಳೆ ಬರುವುದೇ ಬಿರುಗಾಳಿಯ ಬೆನ್ನಿಗೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ನಮ್ಮ ಕಿಟಕಿಯ ಮೇಲೆ ನೇರ ಬಿದ್ದರೆ ಒತ್ತುವ ಬಲ ಮೂರೂವರೆ ಕಿಲೋ ಇರಬಹುದು. ವೇಗ ಎರಡು ಪಟ್ಟಾಗಿ 72 ಕಿಲೋಮೀಟರ್ ಆದರೆ ಬಲ ನಾಲ್ಕು ಪಟ್ಟಾಗಿ ಹದಿಮೂರು ಕಿಲೋ ದಾಟುತ್ತದೆ. ಆ ಗಾಳಿ ಕದವನ್ನು ಹೊರಕ್ಕೆ ಎಳೆಯುವ ದಿಕ್ಕಿನಲ್ಲಿದ್ದರೆ, ಮುಚ್ಚಲು ಹೊರಟ ದಂಡಕ್ಕೆ ಅದು ಅಡ್ಡ ಬಂದ ಕೈಯಂತೆಯೇ ಕಾಣುತ್ತದೆ. ಕಿಟಕಿ ಮುಚ್ಚಲೇಬೇಕಾದ ಹೊತ್ತಿನಲ್ಲಿ ತಡೆ ಇದೆ ಎಂದು ಹಿಂದೆ ಸರಿದು ತೆರೆದುಕೊಂಡುಬಿಡುತ್ತದೆ.

ಇಲ್ಲಿ ಮಿತಿಯನ್ನು ಏರಿಸುವ ಆಸೆ ಹುಟ್ಟುತ್ತದೆ, ಅದನ್ನು ಮಾಡಬಾರದು. ಗಾಳಿಗೆ ಏರಿಸಿದ ಮಿತಿ ಕೈಗೂ ಏರಿದಂತೆಯೇ. ಬೇರೆ ದಾರಿ ಇದೆ. ಬೀಸುವ ಗಾಳಿ ನಿಮಿಷದೊಳಗೆ ಏರಿಳಿಯುತ್ತದೆ, ಸಿಕ್ಕಿಕೊಂಡ ವಸ್ತು ಅಲ್ಲೇ ಇರುತ್ತದೆ. ಹಾಗಾಗಿ ಐದಾರು ಸೆಂಟಿಮೀಟರ್ ಹಿಂದೆ ಸರಿದು, ಹತ್ತು ಸೆಕೆಂಡ್ ಕಾದು, ಅದೇ ಕಡಿಮೆ ಮಿತಿಯಲ್ಲೇ ಮತ್ತೆ ಮುಚ್ಚಲು ನೋಡುವುದು. ಮೂರು ಸಲವೂ ತಡೆ ಕಂಡರೆ ಪ್ರಯತ್ನ ಬಿಟ್ಟು ಬಜರ್ ಬಾರಿಸುವುದು. ಹಿಂದೆ ಸರಿಯುವ ಮುನ್ನ ಮೋಟಾರ್ ಪೂರ್ತಿ ನಿಲ್ಲಲು ಅರೆಕ್ಷಣ ಬಿಡಬೇಕು. ಓಡುತ್ತಿರುವಾಗಲೇ ದಿಕ್ಕು ಬದಲಿಸಿದರೆ ಎದುರು ವೋಲ್ಟೇಜ್ ಬ್ಯಾಟರಿಯ ಜೊತೆ ಸೇರಿಕೊಂಡು ನಿಂತ ಮೋಟಾರಿಗಿಂತಲೂ ಹೆಚ್ಚು ಕರೆಂಟ್ ಹರಿಯುತ್ತದೆ. ರಿಲೇಯ ತುದಿಗಳು ಬೆಸೆದುಕೊಳ್ಳಲು ಇದೂ ಒಂದು ಕಾರಣ.

ಕರೆಂಟ್ ಕಾಣದ ಜಾಗ

ಕರೆಂಟ್ ಅಳೆದು ತಿಳಿಯಲಾಗದ ಅಪಾಯಗಳೂ ಇವೆ. ಹಿಂಜಿನ ಹತ್ತಿರದ ಸಂದಿ ಅದರಲ್ಲಿ ಮುಖ್ಯ. ನಮ್ಮ ಲೆಕ್ಕದಲ್ಲಿ ದಂಡ ಹಿಂಜಿನಿಂದ 30 ಸೆಂಟಿಮೀಟರ್ ದೂರವಿದೆ. ಹಿಂಜಿನಿಂದ 5 ಸೆಂಟಿಮೀಟರ್ ಜಾಗದಲ್ಲಿ ಬೆರಳು ಸಿಕ್ಕರೆ ದಂಡದ ಬಲ ಅಲ್ಲಿ ಆರು ಪಟ್ಟಾಗುತ್ತದೆ. ಕೆಳಂಚಿನಲ್ಲಿ ನಾಲ್ಕು ಕಿಲೋಗೆ ನಿಲ್ಲುವ ಕಿಟಕಿ ಅಲ್ಲಿ ನಲವತ್ತೆಂಟು ಕಿಲೋ ಒತ್ತಿದ ಮೇಲೆ ನಿಲ್ಲುತ್ತದೆ. ಯಾವ ಮಿತಿಯೂ ಇದನ್ನು ಸರಿಪಡಿಸದು. ಆ ಸಂದಿಗೆ ತಗಡು ಅಥವಾ ರಬ್ಬರ್ ಪಟ್ಟಿ ಹೊಡೆದು ಬೆರಳು ತೂರದಂತೆ ಮಾಡಬೇಕು, ಇಲ್ಲವೇ ಕಿಟಕಿಯೇ ಕೈಗೆ ಎಟುಕದ ಎತ್ತರದಲ್ಲಿರಬೇಕು. ಮೆಟ್ಟಿಲ ಮೇಲಿನ ಕಿಟಕಿ ಈ ಕೆಲಸಕ್ಕೆ ಒಳ್ಳೆಯ ಆಯ್ಕೆ, ಮಕ್ಕಳ ಕೋಣೆಯ ಕಿಟಕಿ ಕೆಟ್ಟ ಆಯ್ಕೆ ಎನ್ನುವುದು ಇದಕ್ಕೇ.

ಇನ್ನೊಂದು, ಬೆಸೆದುಕೊಂಡ ರಿಲೇ. ತಡೆ ಕಂಡಿತು, ನಿಲ್ಲು ಎಂಬ ಆಜ್ಞೆಯೂ ಹೋಯಿತು, ಆದರೆ ರಿಲೇ ಬಿಟ್ಟುಕೊಳ್ಳಲಿಲ್ಲ ಎಂದರೆ ಮೋಟಾರ್ ತಳ್ಳುತ್ತಲೇ ಇರುತ್ತದೆ. ಫ್ಯೂಸ್ ಮೋಟಾರನ್ನು, ತಂತಿಯನ್ನು ಕಾಯುತ್ತದೆ. ಬೆರಳನ್ನು ಕಾಯುವಷ್ಟು ಬೇಗ ಹೋಗುವುದಿಲ್ಲ. ಅದಕ್ಕಾಗಿ ಮೋಟಾರಿನ ದಾರಿಯಲ್ಲಿ ಎರಡನೆಯ ರಿಲೇ ಒಂದನ್ನು ಸಾಲಾಗಿ ಇಡುತ್ತಾರೆ. ನಿಲ್ಲು ಎಂದ ಮೇಲೂ ಕರೆಂಟ್ ಹರಿಯುತ್ತಿದೆ ಎಂದು ಸೆನ್ಸರ್ ಹೇಳಿದರೆ ಎರಡನೆಯದು ಕಡಿಯುತ್ತದೆ. ತಡೆ ನೋಡಲು ಇಟ್ಟ ಸೆನ್ಸರ್ ತನ್ನದೇ ಸ್ವಿಚ್ಚುಗಳ ಮೇಲೂ ಹೀಗೆ ಕಣ್ಣಿಡುತ್ತದೆ.

ಇಷ್ಟೆಲ್ಲ ಆದ ಮೇಲೆ ಪರೀಕ್ಷೆ ಸರಳ. ಮೊದಲು ಬಟ್ಟೆ ಸುತ್ತಿದ ಸ್ಪಂಜನ್ನು, ಆಮೇಲೆ ಮರದ ತುಂಡನ್ನು ಕೆಳಂಚಿಗೆ ಅಡ್ಡ ಹಿಡಿಯಬೇಕು, ಕೈಯನ್ನಲ್ಲ. ಮೆತ್ತನೆಯದಕ್ಕೆ ಕರೆಂಟ್ ನಿಧಾನವಾಗಿ, ಗಟ್ಟಿಯದಕ್ಕೆ ಥಟ್ಟನೆ ಏರುವುದರಿಂದ ಎರಡೂ ಬೇಕು. ಬಲ ಅಳೆಯಲು ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಅದನ್ನು ಗಟ್ಟಿ ದಾರದಿಂದ ಕದದ ಕೆಳಂಚಿಗೂ ಹೊರಗಿನ ಭದ್ರವಾದ ಸರಳಿಗೂ ಕಟ್ಟಿ, ಕಿಟಕಿ ಮುಚ್ಚಲು ಬಿಟ್ಟರೆ ಹಿಂದೆ ಸರಿಯುವ ಮುನ್ನ ಎಷ್ಟು ಎಳೆಯಿತು ಎಂದು ತೋರಿಸುತ್ತದೆ. ಅರ್ಧ ತೆರೆದಾಗ ಒಮ್ಮೆ, ಮುಚ್ಚಲು ಮೂರು ಬೆರಳಷ್ಟು ಉಳಿದಾಗ ಒಮ್ಮೆ ನೋಡಿ ಅಂಕಿಯನ್ನು ಕಿಟಕಿಯ ಪಕ್ಕದಲ್ಲೇ ಬರೆದಿಡಬೇಕು. ವರ್ಷಕ್ಕೊಮ್ಮೆ, ಮೇ ತಿಂಗಳ ಮಳೆಗೆ ಮುಂಚೆ, ಅದೇ ಪರೀಕ್ಷೆ ಮಾಡಿದಾಗ ನಾಲ್ಕು ಕಿಲೋ ಇದ್ದದ್ದು ಏಳೋ ಎಂಟೋ ಆಗಿದ್ದರೆ ಪ್ರೋಗ್ರಾಂ ತಿದ್ದುವ ಮೊದಲು ಹಿಂಜುಗಳಿಗೆ ಎಣ್ಣೆ ಬಿಟ್ಟು, ಬ್ರಾಕೆಟ್‌ನ ಪಿನ್ನುಗಳು ಸಲೀಸಾಗಿ ತಿರುಗುತ್ತಿವೆಯೇ ಎಂದು ನೋಡಿ, ಪಟ್ಟಿಯನ್ನು ಹೊಸದಾಗಿ ಬರೆಸಿಕೊಳ್ಳಬೇಕು.